ಸಂಧಿಯಲ್ಲಿ ಯಾಕೆ ಏನೂ ಉಳಿಯುವುದಿಲ್ಲ?

ಒಂದು 12 ವೋಲ್ಟ್ ಬ್ಯಾಟರಿ, ಮೂರು ರೆಸಿಸ್ಟರ್‌ಗಳು. ಬ್ಯಾಟರಿಯ ಪ್ಲಸ್‌ನಿಂದ ಹೊರಟ ತಂತಿ ಮೊದಲು 2 ಓಮ್ ರೆಸಿಸ್ಟರ್ ದಾಟುತ್ತದೆ. ಆಮೇಲೆ ಒಂದು ಸಂಧಿ ಬರುತ್ತದೆ. ಅಲ್ಲಿ ದಾರಿ ಎರಡಾಗಿ ಒಂದರಲ್ಲಿ 3 ಓಮ್, ಇನ್ನೊಂದರಲ್ಲಿ 6 ಓಮ್. ಮುಂದೆ ಎರಡೂ ಸೇರಿ ಬ್ಯಾಟರಿಯ ಮೈನಸ್‌ಗೆ ಮರಳುತ್ತವೆ. ಲೆಕ್ಕ ಸುಲಭ: ಬ್ಯಾಟರಿಯಿಂದ 3 ಆಂಪಿಯರ್ ಹೊರಡುತ್ತದೆ. ಸಂಧಿಯಲ್ಲಿ 2 ಆಂಪಿಯರ್ 3 ಓಮ್ ಕಡೆಗೆ, 1 ಆಂಪಿಯರ್ 6 ಓಮ್ ಕಡೆಗೆ ಹೋಗುತ್ತದೆ.

ಮೊದಲ ವರ್ಷದ ವಿದ್ಯಾರ್ಥಿಗಳು ಇದನ್ನು ಎರಡು ನಿಮಿಷದಲ್ಲಿ ಬಿಡಿಸುತ್ತಾರೆ. ಆದರೆ 2 ಮತ್ತು 1 ಸೇರಿ ಸರಿಯಾಗಿ 3 ಆಗಲೇಬೇಕು ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ‘ಕಿರ್ಚಾಫ್ ನಿಯಮ’. ಅದು ಕಾರಣವಲ್ಲ, ಕಾರಣಕ್ಕೆ ಇಟ್ಟ ಹೆಸರು ಅಷ್ಟೇ.

ಗುಸ್ತಾವ್ ಕಿರ್ಚಾಫ್ ಈ ಎರಡು ನಿಯಮಗಳನ್ನು ಪ್ರಕಟಿಸಿದ್ದು 1845ರಲ್ಲಿ. ಆಗ ಅವರಿಗೆ 21 ವರ್ಷ. ಪ್ರಷ್ಯಾದ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿ. ಶಕ್ತಿ ಸಂರಕ್ಷಣೆಯ ಕುರಿತು ಹೆಲ್ಮ್‌ಹೋಲ್ಟ್ಸ್ ಬರೆದ ಪ್ರಸಿದ್ಧ ಪ್ರಬಂಧ ಬಂದದ್ದು ಅದಾದ ಎರಡು ವರ್ಷಕ್ಕೆ, 1847ರಲ್ಲಿ. ಕಿರ್ಚಾಫ್ ಹೊರಟದ್ದು ಓಮ್ ಅವರ ಕೆಲಸದ ಜಾಡು ಹಿಡಿದು. ಇಂದು ನಾವು ಆ ನಿಯಮಗಳಿಗೆ ಕೊಡುವ ಆಳವಾದ ಕಾರಣ ಆಮೇಲೆ ಕೂಡಿಕೊಂಡದ್ದು.

ಮೊದಲು ಕರೆಂಟಿನ ನಿಯಮ. 1 ಆಂಪಿಯರ್ ಎಂದರೆ ಸೆಕೆಂಡಿಗೆ 1 ಕೂಲಂಬ್ ಚಾರ್ಜ್ ಹರಿಯುವುದು. ಚಾರ್ಜ್ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ. ಇದರಿಂದ ನೇರವಾಗಿ ಸಿಗುವುದು ಇಷ್ಟೇ: ಸಂಧಿಗೆ ಬಂದದ್ದರಲ್ಲಿ ಹೋದದ್ದನ್ನು ಕಳೆದರೆ, ಉಳಿದದ್ದು ಸಂಧಿಯಲ್ಲೇ ಕೂಡಿಕೊಂಡಿರಬೇಕು. ‘ಬಂದಷ್ಟೂ ಹೋಗುತ್ತದೆ’ ಎನ್ನಲು ಇನ್ನೊಂದು ಮಾತು ಬೇಕು: ಸಂಧಿಯಲ್ಲಿ ಚಾರ್ಜ್ ಕೂಡಿಕೊಳ್ಳಲಾರದು. ಪಾಠ ಮಾಡುವಾಗ ಈ ಮೆಟ್ಟಿಲನ್ನು ನಾವು ಹಾರಿಬಿಡುತ್ತೇವೆ. ವಿದ್ಯಾರ್ಥಿಗೆ ನಿಯಮ ಬಾಯಿಪಾಠವಾಗುವುದು ಅಲ್ಲಿಂದಲೇ ಎಂದು ನನ್ನ ಅನಿಸಿಕೆ.

ಕೂಡಿಕೊಳ್ಳುತ್ತದೆ ಎಂದೇ ಇಟ್ಟುಕೊಂಡು ನೋಡೋಣ. ನಮ್ಮ ಸಂಧಿ 1 ಸೆಂಟಿಮೀಟರ್ ತ್ರಿಜ್ಯದ ಲೋಹದ ಗುಂಡು. 3 ಆಂಪಿಯರ್ ಒಳಗೆ ಬರುತ್ತಿದೆ, 2.9 ಆಂಪಿಯರ್ ಹೊರಗೆ ಹೋಗುತ್ತಿದೆ. ಸೆಕೆಂಡಿಗೆ 0.1 ಕೂಲಂಬ್ ಗುಂಡಿನ ಮೇಲೆ ನಿಲ್ಲುತ್ತಿದೆ. ಅಷ್ಟು ದೊಡ್ಡ ಗುಂಡಿನ ಧಾರಣಶಕ್ತಿ ಸುಮಾರು 1.1 ಪಿಕೋಫ್ಯಾರಡ್. ಹೀಗೆ ಒಂದೇ ಒಂದು ಮೈಕ್ರೋಸೆಕೆಂಡ್ ನಡೆದರೆ ಗುಂಡಿನ ವೋಲ್ಟೇಜ್ ಸುಮಾರು 90,000ಕ್ಕೆ ಏರಬೇಕು. ಸುತ್ತಲಿನ ಗಾಳಿಯಲ್ಲಿ ಕಿಡಿ ಹಾರಬೇಕು. 12 ವೋಲ್ಟ್ ಬ್ಯಾಟರಿಯ ಸರ್ಕ್ಯೂಟಿನಲ್ಲಿ ಇದು ಆಗದ ಮಾತು. ಕೂಡಿಕೊಂಡ ಚೂರು ಚಾರ್ಜೇ ಬರುತ್ತಿರುವ ಚಾರ್ಜನ್ನು ತಡೆಯುತ್ತದೆ, ಹೋಗುತ್ತಿರುವುದನ್ನು ಹೊರಕ್ಕೆ ನೂಕುತ್ತದೆ. ಗುಂಡು 12 ವೋಲ್ಟ್‌ನಷ್ಟು ಏರಲು ಅದೇ 0.1 ಆಂಪಿಯರ್ ವ್ಯತ್ಯಾಸಕ್ಕೆ ಒಂದು ನ್ಯಾನೋಸೆಕೆಂಡೂ ಬೇಕಾಗಿಲ್ಲ. ಅಷ್ಟರೊಳಗೆ ಒಳಹರಿವು ಹೊರಹರಿವು ಸಮವಾಗಿಬಿಡುತ್ತವೆ. ನಮ್ಮ ಮೀಟರಿನ ಮುಳ್ಳು ಅಲುಗುವ ಮೊದಲೇ ಈ ಹೊಂದಾಣಿಕೆ ಮುಗಿದಿರುತ್ತದೆ. ಸೆಕೆಂಡಿಗೆ ನೂರಾರು ಕೋಟಿ ಸಲ ದಿಕ್ಕು ಬದಲಿಸುವ ಕರೆಂಟಾದರೆ ಮಾತ್ರ ಆ ನ್ಯಾನೋಸೆಕೆಂಡೂ ದೊಡ್ಡದಾಗುತ್ತದೆ. ಆಗ ನಿಯಮವನ್ನು ಇಷ್ಟು ಸರಳವಾಗಿ ಬಳಸುವಂತಿಲ್ಲ.

ಈಗ ವೋಲ್ಟೇಜಿನ ನಿಯಮ. ವೋಲ್ಟ್ ಎಂದರೆ ಒಂದು ಕೂಲಂಬಿಗೆ ಇಷ್ಟು ಜೂಲ್ ಎಂದು ಓದಿಕೊಂಡರೆ ಅರ್ಧ ಕೆಲಸ ಮುಗಿಯಿತು. ನಮ್ಮ ಸರ್ಕ್ಯೂಟಿನಲ್ಲಿ ಒಂದು ಕೂಲಂಬಿನ ಹಿಂದೆಯೇ ನಡೆಯೋಣ. ಬ್ಯಾಟರಿ ಅದಕ್ಕೆ 12 ಜೂಲ್ ಕೊಟ್ಟು ಕಳಿಸುತ್ತದೆ. 2 ಓಮ್ ದಾಟುವಾಗ 6 ಜೂಲ್ ಶಾಖವಾಗಿ ಹೋಗುತ್ತದೆ. ಮಿಕ್ಕ 6 ಜೂಲ್ 3 ಓಮ್‌ನಲ್ಲೋ 6 ಓಮ್‌ನಲ್ಲೋ ಖರ್ಚಾಗುತ್ತದೆ. ಯಾವ ದಾರಿ ಹಿಡಿದರೂ ಅದೇ 6.

ಒಂದು ದಾರಿಯಲ್ಲಿ 6, ಇನ್ನೊಂದರಲ್ಲಿ 5 ಎಂದಿದ್ದರೆ? 6 ಜೂಲ್ ಸಿಗುವ ದಾರಿಯಲ್ಲಿ ಚಾರ್ಜನ್ನು ಇಳಿಸಿ, 5 ಜೂಲ್ ತೆತ್ತು ಇನ್ನೊಂದರಲ್ಲಿ ಮೇಲೆ ತರಬಹುದಿತ್ತು. ಪ್ರತಿ ಸುತ್ತಿಗೆ ಪ್ರತಿ ಕೂಲಂಬಿಗೆ 1 ಜೂಲ್ ಪುಕ್ಕಟೆ. ಹಾಗೆ ಶಕ್ತಿ ಹುಟ್ಟುವುದಿಲ್ಲ. ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಹೋಗಿ ರಸ್ತೆಯಲ್ಲಿ ಇಳಿದು ಬಂದರೂ ಹೊರಟ ಎತ್ತರಕ್ಕೇ ಮರಳುತ್ತೇವಲ್ಲ, ಹಾಗೆ. ಒಂದು ಸುತ್ತಿನ ಏರಿಳಿತಗಳೆಲ್ಲ ಕೂಡಿದರೆ ಸೊನ್ನೆ. ಲೆಕ್ಕವನ್ನು ವ್ಯಾಟ್‌ಗಳಲ್ಲಿ ತಾಳೆ ನೋಡಿ: ಬ್ಯಾಟರಿ ಕೊಡುವುದು 36, ಮೂರು ರೆಸಿಸ್ಟರ್‌ಗಳು ತೆಗೆದುಕೊಳ್ಳುವುದು 18, 12, 6.

ಈ ವಾದದಲ್ಲೂ ಒಂದು ಷರತ್ತು ಅಡಗಿದೆ. ಪ್ರತಿ ಬಿಂದುವಿಗೂ ಒಂದೇ ‘ಎತ್ತರ’ ಇದೆ ಎಂದು ನಾವು ಒಪ್ಪಿಕೊಂಡಿದ್ದೇವೆ. ನಿಂತ ಚಾರ್ಜ್‌ಗಳು ಉಂಟುಮಾಡುವ ವಿದ್ಯುತ್ ಕ್ಷೇತ್ರದಲ್ಲಿ ಅದು ನಿಜ. ಸುತ್ತಿನ ನಡುವೆ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ನಿಜವಲ್ಲ. ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದನ್ನೇ. 100 ಓಮ್ ಮತ್ತು 900 ಓಮ್ ರೆಸಿಸ್ಟರ್‌ಗಳನ್ನು ಬಳೆಯಂತೆ ಜೋಡಿಸಿ, ನಡುವೆ ಒಂದು ಸುರುಳಿಯನ್ನಿಟ್ಟು, ಅದರ ಕಾಂತಕ್ಷೇತ್ರವನ್ನು ಬಳೆಯಲ್ಲಿ 1 ವೋಲ್ಟ್ ಹುಟ್ಟುವಂತೆ ಬದಲಿಸಿ. ಬ್ಯಾಟರಿ ಇಲ್ಲದೆಯೇ 1 ಮಿಲಿಆಂಪಿಯರ್ ಹರಿಯುತ್ತದೆ. ಒಂದರಲ್ಲಿ 0.1, ಇನ್ನೊಂದರಲ್ಲಿ 0.9 ವೋಲ್ಟ್ ಇಳಿತ. ಸುತ್ತು ಮುಗಿದಾಗ ಬರಿಯ ಇಳಿತ, ಏರಿಕೆ ಎಲ್ಲೂ ಇಲ್ಲ. ಅವೇ ಎರಡು ಬಿಂದುಗಳಿಗೆ ಬಳೆಯ ಆಚೆ ಒಂದು, ಈಚೆ ಒಂದು ವೋಲ್ಟ್‌ಮೀಟರ್ ಹಚ್ಚಿದರೆ ಎರಡೂ ಬೇರೆ ಬೇರೆ ತೋರಿಸುತ್ತವೆ. ಶಕ್ತಿ ಸಂರಕ್ಷಣೆಗೆ ಇಲ್ಲಿ ಏನೂ ಧಕ್ಕೆಯಾಗಿಲ್ಲ. ಆ ಜೂಲ್‌ಗಳನ್ನು ಸುರುಳಿಗೆ ಕರೆಂಟ್ ಕೊಡುವ ಮೂಲವೇ ತೆರುತ್ತಿದೆ. ಬಿದ್ದುಹೋದದ್ದು ‘ಬಿಂದುವಿಗೆ ಒಂದೇ ಎತ್ತರ’ ಎಂಬ ಷರತ್ತು.

ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಮನೆಯ ಮೇನ್ ಬೋರ್ಡಿನ ಬಳಿ ಹೋಗಿ. ಅಲ್ಲಿ 30 ಮಿಲಿಆಂಪಿಯರ್ ಎಂದು ಬರೆದ ಆರ್‌ಸಿಸಿಬಿ ಇದ್ದರೆ, ಅದರೊಳಗೆ ಒಂದು ಕಾಂತೀಯ ಉಂಗುರವಿದೆ. ಫೇಸ್, ನ್ಯೂಟ್ರಲ್ ತಂತಿಗಳೆರಡೂ ಅದರ ಮೂಲಕ ಹಾದುಹೋಗುತ್ತವೆ. ಇಡೀ ಮನೆಯನ್ನು ಒಂದು ದೊಡ್ಡ ಸಂಧಿ ಎಂದುಕೊಳ್ಳಿ: ಫೇಸಿನಲ್ಲಿ ಬಂದದ್ದೆಲ್ಲ ನ್ಯೂಟ್ರಲ್‌ನಲ್ಲಿ ಮರಳಬೇಕು. ಮರಳುತ್ತಿರುವಷ್ಟು ಹೊತ್ತು ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಯಾರೋ ಒದ್ದೆ ಕೈಯಲ್ಲಿ ಕೆಟ್ಟ ಗೀಸರ್ ಮುಟ್ಟಿದರು, ಒಂದಿಷ್ಟು ಕರೆಂಟ್ ಮೈಮೂಲಕ ನೆಲಕ್ಕಿಳಿಯಿತು ಎಂದುಕೊಳ್ಳಿ. ಚಾರ್ಜ್ ಕಳೆದುಹೋಗಿಲ್ಲ, ಮೂರನೆಯ ದಾರಿ ಹಿಡಿದಿದೆ. ಆ ವ್ಯತ್ಯಾಸ ಉಂಗುರದಲ್ಲಿ ಬದಲಾಗುವ ಕಾಂತಕ್ಷೇತ್ರವಾಗಿ ಉಳಿಯುತ್ತದೆ. ಉಂಗುರಕ್ಕೆ ಸುತ್ತಿದ ಸಣ್ಣ ಸುರುಳಿಯಲ್ಲಿ, ಬಳೆಯಲ್ಲಿ ಕಂಡಂತೆಯೇ, ವೋಲ್ಟೇಜ್ ಹುಟ್ಟುತ್ತದೆ. ಸ್ವಿಚ್ ಬೀಳುತ್ತದೆ.

ಅದರ ಮೇಲೆ ‘ಟೆಸ್ಟ್’ ಎಂಬ ಗುಂಡಿಯಿದೆ. ಒತ್ತಿದಾಗ ಸ್ವಲ್ಪ ಕರೆಂಟ್ ಉಂಗುರದ ಹೊರಗಿನಿಂದ ಮರಳುತ್ತದೆ, ಲೆಕ್ಕ ತಪ್ಪುತ್ತದೆ. ಕಂಪ್ಯೂಟರ್ ಕೆಲಸ ಉಳಿಸಿಕೊಂಡು, ಮನೆಯವರಿಗೆ ಹೇಳಿ, ಇವತ್ತು ಒಮ್ಮೆ ಒತ್ತಿ ನೋಡಿ. ಸ್ವಿಚ್ ಬೀಳದಿದ್ದರೆ ನಾಳೆಯೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.