ನಲವತ್ತು ಲಕ್ಷದಲ್ಲಿ ರಸ್ತೆಗೆಷ್ಟು?

‘ಪಂಚಾಯ್ತಿಗೆ ನಲವತ್ತು ಲಕ್ಷ ಬಂದಿದೆಯಂತೆ, ನಮ್ಮ ಕೇರಿಗೊಂದು ಸಿಸಿ ರಸ್ತೆ ಮಾಡೋಕೆ ಏನ್ ಕಷ್ಟ?’ ಗ್ರಾಮಸಭೆಗಳಲ್ಲಿ ಇಂಥ ಮಾತು ಮಾಮೂಲು. ಕಷ್ಟ ಎಲ್ಲಿದೆ ಎಂಬುದು ಗೊತ್ತಾಗಬೇಕಾದರೆ ಬಜೆಟ್ಟಿನ ಜಮಾ ಬದಿಯನ್ನು ಮೊದಲು ಓದಬೇಕು.

ಪಂಚಾಯ್ತಿಗೆ ಬರುವ ಹಣ ಬಹುತೇಕ ಇಂಥದ್ದಕ್ಕೇ ಎಂದು ಗೊತ್ತುಮಾಡಿಕೊಂಡೇ ಬಂದಿರುತ್ತದೆ. 2021-26ರ ಅವಧಿಗೆ 15ನೇ ಹಣಕಾಸು ಆಯೋಗ ಹಾಕಿದ ನಿಯಮವನ್ನೇ ನೋಡಿ. ಅನುದಾನದಲ್ಲಿ ಶೇ 30 ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ, ಇನ್ನೊಂದು ಶೇ 30 ನೈರ್ಮಲ್ಯಕ್ಕೆ. ಇವೆರಡೂ ನಿರ್ಬಂಧಿತ ಹಣ. ಉಳಿದ ಶೇ 40 ಮಾತ್ರ ಊರಿನ ಅಗತ್ಯ ನೋಡಿ ಬಳಸಬಹುದಾದ ಅನಿರ್ಬಂಧಿತ ಹಣ. ಅದರಲ್ಲೂ ಸಿಬ್ಬಂದಿಯ ಸಂಬಳ ಕೊಡುವಂತಿಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಆಯೋಗದ ಅನುದಾನ 40 ಲಕ್ಷ ಬಂದರೆ ನೀರಿಗೆ 12 ಲಕ್ಷ, ನೈರ್ಮಲ್ಯಕ್ಕೆ 12 ಲಕ್ಷ ಹೋಗಿ ಕೈಯಲ್ಲಿ ಉಳಿಯುವುದು 16 ಲಕ್ಷ. ಹಿಂದಿನ ವರ್ಷ ಶುರುವಾಗಿ ಬಿಲ್ ಪಾವತಿಯಾಗದ ಕಾಮಗಾರಿಗಳದ್ದು 4 ಲಕ್ಷ ಬಾಕಿಯಿದ್ದರೆ ಅದನ್ನು ಮೊದಲು ತೀರಿಸಬೇಕು. ಈಗ ಉಳಿದದ್ದು 12 ಲಕ್ಷ. ವಾರ್ಡ್ ಸಭೆಗಳಿಂದ 30 ಲಕ್ಷದ ರಸ್ತೆ ಬೇಡಿಕೆ ಬಂದಿದ್ದರೂ ಅಂಗನವಾಡಿ ರಿಪೇರಿ, ಬೀದಿದೀಪಗಳೂ ಈ ಹನ್ನೆರಡರಲ್ಲೇ ಆಗಬೇಕು. ಆದರೆ ಕೇರಿಯ ಬಚ್ಚಲು ನೀರಿಗೆ ಇಂಗುಗುಂಡಿ ಮಾಡುವುದಿದ್ದರೆ ಅದನ್ನು ನೈರ್ಮಲ್ಯದ ಹಣಕ್ಕೆ ಹಾಕಬಹುದು. ಯಾವ ಕೆಲಸವನ್ನು ಯಾವ ಲೆಕ್ಕಶೀರ್ಷಿಕೆಗೆ ಸೇರಿಸಬೇಕು ಎಂದು ಬಲ್ಲ ಪಿಡಿಒ ಇದ್ದಲ್ಲಿ ರಸ್ತೆಗೆ ಒಂದಷ್ಟು ಹೆಚ್ಚು ಉಳಿಯುತ್ತದೆ.

ಇನ್ನು ಮನೆಗಂದಾಯ, ನೀರಿನ ಶುಲ್ಕ, ಲೈಸೆನ್ಸ್ ಫೀಗಳಿಂದ ಬರುವ ಸ್ವಂತ ಸಂಪನ್ಮೂಲ. ಬಜೆಟ್ ಹೆಚ್ಚಾಗಿ ಹಳಿ ತಪ್ಪುವುದು ಇಲ್ಲೇ. ಈ ವರ್ಷದ ಕಂದಾಯ 5 ಲಕ್ಷ, ಹಳೇ ಬಾಕಿ 7 ಲಕ್ಷ ಎಂದಿಟ್ಟುಕೊಳ್ಳಿ. ಬೇಡಿಕೆ 12 ಲಕ್ಷ. ಹೋದ ವರ್ಷ ವಸೂಲಾದದ್ದು 4 ಲಕ್ಷ ಮಾತ್ರ. ಹೀಗಿದ್ದೂ ಜಮಾ ಬದಿಗೆ 12 ಲಕ್ಷ ಬರೆದುಬಿಟ್ಟರೆ ಕಾಗದದ ಮೇಲೆ ಬಜೆಟ್ ಸರಿದೂಗುತ್ತದೆ. ಈ ಸಂಪನ್ಮೂಲದಲ್ಲಿ ಶೇ 25 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಪುಸ್ತಕದ ಪ್ರಕಾರ ಪರಿಶಿಷ್ಟರ ಪಾಲು 3 ಲಕ್ಷ. ವಸೂಲಿ ಹೋದ ವರ್ಷದಷ್ಟೇ ಆದರೆ ಅವರಿಗೆ ಸಿಗುವುದು 1 ಲಕ್ಷ. ಮಿಕ್ಕ ಕಾಮಗಾರಿ ಮುಂದಿನ ವರ್ಷದ ಬಾಕಿಗೆ ಸೇರುತ್ತದೆ.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಒಟ್ಟು ಮೊತ್ತ ಕೇಳಿ ಸುಮ್ಮನಾಗಬೇಡಿ. ಅನಿರ್ಬಂಧಿತ ಹಣ ಎಷ್ಟು, ಹಳೇ ಕಾಮಗಾರಿಗಳ ಬಾಕಿ ಎಷ್ಟು, ಹೋದ ವರ್ಷ ನಿಜಕ್ಕೂ ವಸೂಲಾದ ಕಂದಾಯ ಎಷ್ಟು ಎಂದು ಕೇಳಿ. ಕ್ರಿಯಾಯೋಜನೆಯಲ್ಲಿ ಬರೆದಿರುವ ರಸ್ತೆ ಈ ವರ್ಷ ಆಗುತ್ತದೋ ಇಲ್ಲವೋ ಎಂಬುದು ಈ ಮೂರು ಅಂಕಿಗಳಲ್ಲೇ ಗೊತ್ತಾಗುತ್ತದೆ.