ಫೋನಿನಲ್ಲಿ ಹೇಳಿದ್ದು, ಪತ್ರದಲ್ಲಿ ಬಂದದ್ದು

ಸಂದರ್ಶನದ ಕೊನೆಯ ಸುತ್ತಿನಲ್ಲಿ ಎಚ್‌ಆರ್ ಹೇಳಿದ್ದು 'ಹನ್ನೆರಡು ಲಕ್ಷ ಫಿಕ್ಸೆಡ್'. ನಾಲ್ಕು ದಿನದ ನಂತರ ಬಂದ ಆಫರ್ ಲೆಟರ್‌ನಲ್ಲೂ ಹನ್ನೆರಡು ಲಕ್ಷವೇ ಇತ್ತು. ಮನೆಯಲ್ಲಿ ಸಿಹಿ ಹಂಚಿದ್ದೂ ಆಯಿತು. ಆದರೆ ಆ ಅಂಕಿಯ ಪಕ್ಕದಲ್ಲಿದ್ದ ಪದ ಸಿಟಿಸಿ. ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು.

ಬೆಂಗಳೂರಿನ ಐಟಿ ಕಂಪನಿಗಳ ಪತ್ರಗಳಲ್ಲಿ ಕೊನೆಯ ಪುಟದ ಕೋಷ್ಟಕವನ್ನೇ ಮೊದಲು ಓದಬೇಕು. ಒಂದು ಉದಾಹರಣೆಯಾಗಿ, ಅಲ್ಲಿ ಮೂಲವೇತನ 6 ಲಕ್ಷ ಎಂದಿದೆ ಅಂದುಕೊಳ್ಳಿ. ಅದರ ಶೇ 12, ಅಂದರೆ 72,000 ರೂಪಾಯಿ, ಕಂಪನಿ ಕಟ್ಟುವ ಪಿಎಫ್. ಶೇ 4.81ರಂತೆ 28,860 ರೂಪಾಯಿ ಗ್ರಾಚ್ಯುಟಿ. ಕಾಯಂ ನೌಕರರಿಗೆ ಇದು ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲಷ್ಟೇ ಸಿಗುತ್ತದೆ. 'ವೇರಿಯಬಲ್ ಪೇ' 1,20,000. ಅದು ಕೆಲಸದ ಮೌಲ್ಯಮಾಪನಕ್ಕೆ, ಕಂಪನಿಯ ಲಾಭಕ್ಕೆ ಗಂಟು ಬಿದ್ದಿರುತ್ತದೆ. ಇಷ್ಟನ್ನೂ ಕಳೆದರೆ ಉಳಿಯುವುದು 9,79,140. ತಿಂಗಳಿಗೆ ಲಕ್ಷ ಎಂದುಕೊಂಡಿದ್ದು 81,595ಕ್ಕೆ ಇಳಿಯಿತು. ನಿಮ್ಮ ಪಾಲಿನ ಪಿಎಫ್, ತೆರಿಗೆ ಕಡಿತವಾಗುವುದು ಇದರ ನಂತರ.

ಇದು ಮೋಸವೇ ಆಗಬೇಕೆಂದಿಲ್ಲ. ಮಾತಾಡಿದವರು ಒಬ್ಬರು, ಪತ್ರ ಸಿದ್ಧಪಡಿಸಿದವರು ಇನ್ನೊಬ್ಬರು, ನಡುವೆ ಹಳೆಯ ಮಾದರಿಯೊಂದು ನಕಲಾಗಿರಬಹುದು. ಹಾಗಾಗಿ ಮೊದಲ ಇಮೇಲ್‌ನಲ್ಲಿ ಆರೋಪ ಬೇಡ. ಮಾತಾಡಿದ್ದು ಯಾವ ದಿನ, ಯಾರೊಂದಿಗೆ, ಆಗ ಒಪ್ಪಿದ್ದೇನು, ಪತ್ರದ ಯಾವ ಪುಟದಲ್ಲಿ ಏನಿದೆ, ಇಷ್ಟನ್ನೇ ಬರೆಯಿರಿ. 'ಫಿಕ್ಸೆಡ್ ಹನ್ನೆರಡು ಲಕ್ಷ, ವೇರಿಯಬಲ್ ಪ್ರತ್ಯೇಕ ಎಂದು ಮಾತಾಗಿತ್ತು. ಕೋಷ್ಟಕದಲ್ಲಿ ವೇರಿಯಬಲ್ ಒಳಗೇ ಸೇರಿದೆ. ಪರಿಶೀಲಿಸಿ, ತಿದ್ದಿದ ಪತ್ರ ಕಳುಹಿಸಿ' ಎಂಬರ್ಥದ ಮೂರು ಸಾಲು ಸಾಕು. ಫೋನಿನಲ್ಲಿ ಮಾತಾದ ದಿನವೇ 'ಇವತ್ತು ಮಾತಾಡಿದಂತೆ' ಎಂದು ಒಂದು ಇಮೇಲ್ ಹಾಕಿದ್ದರೆ ಈಗ ಅದನ್ನೇ ಲಗತ್ತಿಸಬಹುದು. ನಮ್ಮವರಿಗೆ ಇದೊಂದು ಸಂಕೋಚ. ಕೇಳಿದರೆ ಕೆಲಸವೇ ತಪ್ಪೀತು ಎಂಬ ಭಯ.

'ಆಮೇಲೆ ಸರಿಮಾಡೋಣ, ಈಗ ಸಹಿ ಹಾಕಿ' ಎಂಬ ಉತ್ತರ ಬಂದರೆ ಎಚ್ಚರ. ಇಂಥ ಪತ್ರಗಳಲ್ಲಿ, ಹಿಂದಿನ ಮಾತುಕತೆಗಳೆಲ್ಲ ಇದರೊಂದಿಗೆ ರದ್ದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಬರಹದಲ್ಲಿರುವ ಒಪ್ಪಂದದ ಷರತ್ತನ್ನು ಬಾಯಿಮಾತಿನ ಸಾಕ್ಷ್ಯದಿಂದ ಅಲ್ಲಗಳೆಯಲು ನಮ್ಮ ಸಾಕ್ಷ್ಯ ಕಾನೂನು ಸುಲಭವಾಗಿ ಬಿಡುವುದೂ ಇಲ್ಲ.

ಕಂಪನಿ ತಿದ್ದಲು ಒಪ್ಪದೆಯೂ ಇರಬಹುದು. ಆಗ 81,595ರ ಲೆಕ್ಕ ಇಟ್ಟುಕೊಂಡು ನಿರ್ಧರಿಸಿ. ತಿದ್ದಿದ ಪತ್ರ ಕೈಸೇರುವವರೆಗೆ ಮಾತ್ರ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.