ಫಾರ್ವರ್ಡ್ ಒತ್ತುವ ಮೊದಲು ಕೆಳಗಿನವರೆಗೂ ಓದಿ

ಒಂದು ಅಪಾರ್ಟ್‌ಮೆಂಟ್ ಸಂಘವನ್ನು ಊಹಿಸಿಕೊಳ್ಳಿ. ಮಳೆಗಾಲದಲ್ಲಿ ತಾರಸಿ ಸೋರಿ ಮೇಲಿನ ಮಹಡಿಯ ಎರಡು ಮನೆಗಳ ಛಾವಣಿ ಒದ್ದೆಯಾಗಿದೆ. ಸಮಿತಿಯವರ ನಡುವೆ ಮೂರು ವಾರ ಇಮೇಲ್ ಓಡಾಡಿದೆ. ಮೊದಲು ಒಬ್ಬರು ಸೋರಿಕೆಯ ಫೋಟೊ ಹಾಕಿದರು. ಆಮೇಲೆ ಖಜಾಂಚಿಯವರು ಯಾರ ಮೆಂಟೆನೆನ್ಸ್ ಎಷ್ಟು ಬಾಕಿ ಇದೆ ಎಂಬ ಎಕ್ಸೆಲ್ ಪಟ್ಟಿ ಕಳಿಸಿ, ಎರಡೂವರೆ ಲಕ್ಷದವರೆಗೆ ಖರ್ಚು ಮಾಡಬಹುದು ಎಂದರು. ಮತ್ತೊಬ್ಬರು ಬೇರೆ ಗುತ್ತಿಗೆದಾರ ಕೊಟ್ಟ ಒಂದು ಲಕ್ಷ ತೊಂಬತ್ತು ಸಾವಿರದ ಕೊಟೇಷನ್ ಬರೆದರು. ಮೇಲಿನ ಮನೆಯ ಹಿರಿಯರು ತಮಗೆ ಶಸ್ತ್ರಚಿಕಿತ್ಸೆ ಆಗಿದೆ, ಎರಡು ವಾರ ಕೆಲಸ ಬೇಡ ಎಂದು ಕೇಳಿಕೊಂಡರು. ಕೊನೆಗೆ ಕಾರ್ಯದರ್ಶಿ, ‘ಸರಿ, ಶನಿವಾರ ಬೆಳಿಗ್ಗೆ ಬಂದು ನೋಡಲಿ’ ಎಂದು ಬರೆದು, ಆ ಕೊನೆಯ ಮೇಲನ್ನೇ ಹೊಸ ವಾಟರ್‌ಪ್ರೂಫಿಂಗ್ ಗುತ್ತಿಗೆದಾರನಿಗೆ ಫಾರ್ವರ್ಡ್ ಮಾಡಿದರು.

ಅವರ ಕಣ್ಣಿಗೆ ಕಂಡದ್ದು ಒಂದೇ ಸಾಲು. ಗುತ್ತಿಗೆದಾರನ ಕೈಸೇರಿದ್ದು ಸಂಘ ಎಷ್ಟು ಹಣದವರೆಗೆ ಹೋಗಬಲ್ಲದು, ಎದುರಾಳಿ ಎಷ್ಟು ಕೇಳಿದ್ದಾನೆ, ಯಾರ ಮನೆಯಲ್ಲಿ ಯಾರಿಗೆ ಕಾಯಿಲೆ ಎಂಬ ಪೂರ್ತಿ ವಿವರ. ಇನ್ನು ಅವನ ಕೊಟೇಷನ್ ಒಂದು ಲಕ್ಷ ತೊಂಬತ್ತಕ್ಕಿಂತ ಬಹಳ ಕಡಿಮೆ ಬರುವ ನಿರೀಕ್ಷೆ ಬೇಡ.

ಹೀಗಾಗುವುದಕ್ಕೆ ಕಾರಣ ಇಮೇಲ್ ಕೆಲಸ ಮಾಡುವ ರೀತಿಯಲ್ಲೇ ಇದೆ. ನಾವು ಉತ್ತರ ಬರೆದಾಗಲೆಲ್ಲ ಹಿಂದಿನ ಪತ್ರದ ನಕಲು ಅದರ ಕೆಳಗೆ ತಾನಾಗಿಯೇ ಸೇರುತ್ತದೆ. ಹತ್ತನೆಯ ಉತ್ತರದ ಹೊಟ್ಟೆಯಲ್ಲಿ ಒಂಬತ್ತು ಹಳೆಯ ಪತ್ರಗಳು ಇರಬಹುದು. ಜಿಮೇಲ್ ಓದುವವರ ಅನುಕೂಲಕ್ಕೆಂದು ಆ ಹಳೆಯ ಭಾಗವನ್ನು ಮೂರು ಚುಕ್ಕಿಗಳ ಹಿಂದೆ ಮಡಚಿಡುತ್ತದೆ. ಮಡಚಿದ್ದು ಅಳಿಸಿದ್ದಲ್ಲ. ಅದೇ ಪತ್ರವನ್ನು ಔಟ್‌ಲುಕ್‌ನಲ್ಲಿ ತೆರೆದವರಿಗೆ ಎಲ್ಲವೂ ಬಿಚ್ಚಿಕೊಂಡು ಕಾಣಬಹುದು. ಹೊರಗಿನವರನ್ನು ‘ಲೂಪ್‌ನಲ್ಲಿ ಸೇರಿಸುತ್ತಿದ್ದೇನೆ’ ಎಂದು ಉತ್ತರದ ಸಿಸಿಯಲ್ಲಿ ಹಾಕುವಾಗ ಅಪಾಯ ಇನ್ನೂ ಹೆಚ್ಚು. ಅಲ್ಲಿ ಬರೆಯುವ ಚೌಕದಲ್ಲೂ ಹಳೆಯ ಭಾಗ ಅದೇ ಚುಕ್ಕಿಗಳ ಹಿಂದೆ ಕುಳಿತಿರುತ್ತದೆ. ಲಗತ್ತುಗಳ ವಿಷಯದಲ್ಲಿ ಒಂದು ವ್ಯತ್ಯಾಸ ನೆನಪಿರಲಿ: ಉತ್ತರ ಬರೆದರೆ ಹಿಂದಿನ ಪತ್ರದ ಲಗತ್ತು ಸಾಮಾನ್ಯವಾಗಿ ಜೊತೆಗೆ ಹೋಗುವುದಿಲ್ಲ, ಫಾರ್ವರ್ಡ್ ಮಾಡಿದರೆ ಹೋಗುತ್ತದೆ. ಜಿಮೇಲ್‌ನ Forward all ಆಯ್ಕೆಯಂತೂ ಇಡೀ ಸಂವಾದವನ್ನು ಕಟ್ಟಿ ಕಳಿಸುತ್ತದೆ.

ಹಾಗಾದರೆ ಕಾರ್ಯದರ್ಶಿ ಏನು ಮಾಡಬೇಕಿತ್ತು? ಮೊದಲು ಫಾರ್ವರ್ಡ್ ಒತ್ತಿ, ವಿಳಾಸದ ಜಾಗ ಖಾಲಿ ಬಿಟ್ಟು, ಕೆಳತುದಿಗೆ ಹೋಗಿ ಅಲ್ಲಿಂದ ಮೇಲಕ್ಕೆ ಓದಿಕೊಂಡು ಬರಬೇಕಿತ್ತು. ಅತಿ ಹಳೆಯದು ಕೆಳಗೆ ಇರುತ್ತದೆ, ಮನೆಯೊಳಗಿನ ಮಾತು ಹೆಚ್ಚಾಗಿ ಅಲ್ಲೇ ಇರುತ್ತದೆ. ಗುತ್ತಿಗೆದಾರನಿಗೆ ಬೇಕಾದದ್ದು ಮೂರು ಸಂಗತಿ: ಸೋರುವ ಜಾಗ, ಫೋಟೊ, ಭೇಟಿಯ ದಿನ. ಉಳಿದದ್ದೆಲ್ಲ ಹೋಗಬೇಕು.

ಆದರೆ ಒಂದು ಗೆರೆ ಎಳೆದು ಅದರ ಕೆಳಗಿನದನ್ನೆಲ್ಲ ಅಳಿಸಿದರೆ ಕೆಲಸ ಮುಗಿಯಲಿಲ್ಲ. ಉಳಿಸಿಕೊಂಡ ಮೇಲಿನ ಪತ್ರದಲ್ಲಿ ‘ಖಜಾಂಚಿಯವರು ಹೇಳಿದ ಎರಡೂವರೆ ಲಕ್ಷದೊಳಗೆ ಆದರೆ ನನ್ನ ಒಪ್ಪಿಗೆ ಇದೆ’ ಎಂಬ ಸಾಲು ಇದ್ದರೆ ಗುಟ್ಟು ಅಲ್ಲೇ ಉಳಿಯಿತು. ಪ್ರತಿ ಪತ್ರದ ನೆತ್ತಿಯಲ್ಲಿ ಯಾರಿಂದ, ಯಾರಿಗೆ, ಸಿಸಿ ಯಾರಿಗೆ ಎಂಬ ಸಾಲುಗಳಿರುತ್ತವೆ. ಅವುಗಳಲ್ಲಿ ನಿವಾಸಿಗಳ ಇಮೇಲ್ ವಿಳಾಸ, ಸಹಿಯ ಕೆಳಗೆ ಮೊಬೈಲ್ ಸಂಖ್ಯೆ. ವಿಷಯದ ಸಾಲನ್ನು ನೋಡಲು ಬಹಳ ಜನ ಮರೆಯುತ್ತಾರೆ. ಈ ಚರ್ಚೆ ಶುರುವಾದದ್ದು ‘ಬಾಕಿದಾರರು ಮತ್ತು ತಾರಸಿ ರಿಪೇರಿ’ ಎಂಬ ಶೀರ್ಷಿಕೆಯಲ್ಲಾಗಿದ್ದರೆ ಅದೇ ಶೀರ್ಷಿಕೆ Fwd: ಹೊತ್ತುಕೊಂಡು ಹೊರಗೆ ಹೋಗುತ್ತದೆ. ಎಕ್ಸೆಲ್ ಲಗತ್ತನ್ನು ತೆಗೆದುಹಾಕಲೇಬೇಕು. ಬೇಕಾದ ಹಾಳೆಯನ್ನು ಬಿಟ್ಟು ಉಳಿದದ್ದನ್ನು ಹೈಡ್ ಮಾಡಿ ಕಳಿಸುವುದು ಸಾಲದು, ಒಂದು ಕ್ಲಿಕ್ಕಿನಲ್ಲಿ ಅದು ಮತ್ತೆ ತೆರೆದುಕೊಳ್ಳುತ್ತದೆ. ಸಾಲುಗಳ ಮೇಲೆ ಕಪ್ಪು ಬಣ್ಣ ಬಳಿಯುವುದೂ ಹೀಗೆಯೇ. ಅಕ್ಷರ ಅಡಿಯಲ್ಲಿ ಹಾಗೇ ಇರುತ್ತದೆ, ನಕಲು ಮಾಡಿ ಬೇರೆಡೆ ಅಂಟಿಸಿದರೆ ಓದಬಹುದು.

ಕತ್ತರಿಸಿದ್ದು ಸರಿಯಾಯಿತೇ ಎಂದು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಬರೆದ ಚೌಕದಲ್ಲಿರುವುದನ್ನೆಲ್ಲ ಆಯ್ದು ನೋಟ್‌ಪ್ಯಾಡ್‌ಗೆ ಅಂಟಿಸಿ. ಬಣ್ಣ, ಅಲಂಕಾರಗಳೆಲ್ಲ ಕಳಚಿ ಬರೀ ಅಕ್ಷರ ಉಳಿಯುತ್ತದೆ. ಅಲ್ಲಿ @ ಚಿಹ್ನೆಯನ್ನು ಹುಡುಕಿದರೆ ಉಳಿದುಹೋದ ವಿಳಾಸಗಳು ಸಿಗುತ್ತವೆ, ‘ಲಕ್ಷ’ ಎಂದು ಹುಡುಕಿದರೆ ಹಣದ ಮಾತು ಸಿಗುತ್ತದೆ.

ಇಷ್ಟೆಲ್ಲ ಮಾಡುವುದಕ್ಕಿಂತ, ಖಾಲಿ ಹೊಸ ಮೇಲ್ ತೆರೆದು ನಾಲ್ಕು ಸಾಲು ಬರೆದು ಫೋಟೊಗಳನ್ನು ಮತ್ತೆ ಲಗತ್ತಿಸುವುದೇ ಮೇಲು ಎನ್ನುವುದು ನನ್ನ ದೃಢ ಅಭಿಪ್ರಾಯ. ಇಲ್ಲಿ ಏನನ್ನು ಸೇರಿಸಬೇಕೆಂದು ನಾವು ಆರಿಸುತ್ತೇವೆ. ಕತ್ತರಿಸುವಾಗ ಏನನ್ನು ಬಿಡಬೇಕೆಂದು ಆರಿಸಬೇಕು, ಅಲ್ಲಿ ಕಣ್ತಪ್ಪುವುದು ಸುಲಭ. ಹೊರಗಿನವರಿಗೆ ಒಬ್ಬರು ಬರೆದ ಮಾತೇ ಅವರ ಮಾತಾಗಿ ತಲುಪಬೇಕಾದಾಗ ಮಾತ್ರ ಫಾರ್ವರ್ಡ್ ಅಗತ್ಯ. ಉದಾಹರಣೆಗೆ, ಸೋರಿಕೆ ಎಲ್ಲಿಂದ ಎಂದು ಎಂಜಿನಿಯರ್ ಕೊಟ್ಟ ವಿವರಣೆ.

ಅಂಥ ಕಡೆ ಇನ್ನೊಂದು ಹೊಣೆ ಇದೆ. ಕತ್ತರಿಸಬಹುದು, ತಿದ್ದಬಾರದು. 1995ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1855 ಎಂಬ ಇಂಟರ್‌ನೆಟ್ ಶಿಷ್ಟಾಚಾರದ ದಾಖಲೆ ಇದನ್ನೇ ಹೇಳುತ್ತದೆ: ದಾಟಿಸುವ ಪತ್ರದ ಮಾತು ಬದಲಿಸಬೇಡಿ, ಬೇಕಾದ ಭಾಗವನ್ನಷ್ಟೇ ಇಟ್ಟುಕೊಳ್ಳಬಹುದು, ಬರೆದವರು ಯಾರೆಂದು ತಿಳಿಸಿ. ನಮ್ಮ ಮಾಹಿತಿ ಹಕ್ಕು ಕಾಯ್ದೆಯ 10ನೇ ಸೆಕ್ಷನ್‌ನಲ್ಲೂ ಇಂಥದೇ ವಿವೇಕವಿದೆ. ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡುವ ಅಧಿಕಾರಿ, ತಾನು ಕೊಡುತ್ತಿರುವುದು ಒಂದು ಭಾಗ ಮಾತ್ರ ಎಂದು ಅರ್ಜಿದಾರನಿಗೆ ತಿಳಿಸಲೇಬೇಕು. ನೀವೂ ಕತ್ತರಿಸಿದ ಜಾಗದಲ್ಲಿ ‘ಸಂಘದ ಒಳಗಿನ ಪತ್ರವ್ಯವಹಾರ ತೆಗೆಯಲಾಗಿದೆ’ ಎಂದು ಒಂದು ಸಾಲು ಬರೆಯಿರಿ. ‘ಸ್ಲ್ಯಾಬ್‌ನಲ್ಲಿ ಬಿರುಕು ಇದೆ, ಆದರೆ ಸೋರಿಕೆ ಪೈಪಿನಿಂದಲೂ ಇರಬಹುದು’ ಎಂಬ ವಾಕ್ಯದಲ್ಲಿ ‘ಆದರೆ’ಯ ನಂತರದ್ದನ್ನು ಕತ್ತರಿಸಿದರೆ ಅದು ಖಾಸಗಿತನದ ರಕ್ಷಣೆಯಲ್ಲ, ಸುಳ್ಳು. ವಿಷಯ ಮುಂದೆ ಪೊಲೀಸರಿಗೋ ನ್ಯಾಯಾಲಯಕ್ಕೋ ಹೋಗುವ ಸಾಧ್ಯತೆ ಇದ್ದರೆ ಮೂಲ ಪತ್ರಗಳನ್ನು ಒಂದನ್ನೂ ಅಳಿಸದೆ ಹಾಗೇ ಇಟ್ಟುಕೊಳ್ಳಿ. ಕತ್ತರಿಸಿದ ಪ್ರತಿ ದಾಖಲೆಯ ಸ್ಥಾನ ತುಂಬುವುದಿಲ್ಲ.

ಎಚ್ಚರದಿಂದ ಕತ್ತರಿಸಿದ ಮೇಲೂ ಗುಟ್ಟು ಹೊರಬೀಳುವ ಒಂದು ದಾರಿ ಉಳಿದಿರುತ್ತದೆ. ಕಾರ್ಯದರ್ಶಿ ಚೊಕ್ಕ ಮೇಲ್ ಕಳಿಸುತ್ತಾರೆ. ಎರಡು ದಿನ ಬಿಟ್ಟು ಸಮಿತಿಯ ಇನ್ನೊಬ್ಬರು ಹಳೆಯ ಚರ್ಚೆಯನ್ನೇ ತೆರೆದು, Reply all ಒತ್ತಿ, ಗುತ್ತಿಗೆದಾರನ ವಿಳಾಸವನ್ನೂ ಸೇರಿಸಿ ‘ಶನಿವಾರ ಹತ್ತಕ್ಕೆ ಬನ್ನಿ’ ಎನ್ನುತ್ತಾರೆ. ಮೂರು ವಾರದ ಮಾತು ಅಷ್ಟೂ ಅವನಿಗೆ ತಲುಪಿತು. ಹೊರಗಿನವರಿಗೆ ಹೋದ ಮೇಲ್‌ಗೆ ಬೇರೆಯೇ ಶೀರ್ಷಿಕೆ ಕೊಟ್ಟು, ‘ಗುತ್ತಿಗೆದಾರರೊಂದಿಗಿನ ಮಾತು ಇನ್ನು ಈ ಹೊಸ ಮೇಲ್‌ನಲ್ಲೇ ನಡೆಯಲಿ’ ಎಂದು ಒಳಗಿನವರಿಗೆಲ್ಲ ಪ್ರತ್ಯೇಕವಾಗಿ ತಿಳಿಸುವುದೊಂದೇ ಇದಕ್ಕೆ ಉಪಾಯ.

ಹೋದದ್ದನ್ನು ಹಿಂದಕ್ಕೆ ಕರೆಯುವ ಅವಕಾಶ ಬಹಳ ಚಿಕ್ಕದು. ಔಟ್‌ಲುಕ್‌ನ ರೀಕಾಲ್ ಸೌಲಭ್ಯ ಒಂದೇ ಸಂಸ್ಥೆಯೊಳಗಿನ ಅಂಚೆಗೆ ಮಾತ್ರ, ಹೊರಗಿನ ವಿಳಾಸಕ್ಕೆ ಅದು ನಡೆಯುವುದಿಲ್ಲ. ಜಿಮೇಲ್‌ನ Undo Send ನಿಮಗೆ 5, 10, 20 ಅಥವಾ 30 ಸೆಕೆಂಡು ಕೊಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಇವತ್ತೇ ಅದನ್ನು 30ಕ್ಕೆ ಇಟ್ಟುಕೊಳ್ಳಿ.